‘ಮಾಲೀಕ ನೀನಲ್ಲ’ ಎಲ್ಲಿ ಬೀಳಬೇಕು: ಒಂದು ಹಾಡಿನ ತುಣುಕಿನಿಂದ ರೀಲ್ಸ್ ತಮಾಷೆ ಕಟ್ಟುವ ಬಗೆ

1999ರ ‘ಉಪೇಂದ್ರ’ ಚಿತ್ರಕ್ಕೆ ಗುರುಕಿರಣ್ ಸಂಗೀತ ಕೊಟ್ಟ ಹಾಡೊಂದರ ಸಾಲು ಇಪ್ಪತ್ತೈದು ವರ್ಷ ಕಳೆದು 2024ರ ಆರಂಭದಲ್ಲಿ ಕನ್ನಡದ ರೀಲ್ಸ್‌ಗಳಲ್ಲಿ ಎದ್ದು ಬಂತು: ‘ಕರಿಮಣಿ ಮಾಲೀಕ ನೀನಲ್ಲ’. ಸಿನಿಮಾದ ಸಂದರ್ಭ ಗೊತ್ತಿಲ್ಲದವರೂ ಅದನ್ನು ಬಳಸಿದರು, ನೋಡಿದವರು ನಕ್ಕರು. ಇಂಥ ತುಣುಕುಗಳನ್ನು ಹಿಡಿದು ಚಿಕ್ಕ ವಿಡಿಯೊ ಎಡಿಟ್ ಮಾಡುವುದು ನನ್ನ ಕೆಲಸ. ಧ್ವನಿಯೊಂದು ತಮಾಷೆಯಾಗುವುದು ಹೇಗೆ, ಆ ತಮಾಷೆ ಎಡಿಟಿಂಗ್‌ನಲ್ಲಿ ಎಲ್ಲಿ ಕೆಡುತ್ತದೆ ಎನ್ನುವುದಕ್ಕೆ ಈ ಸಾಲಿಗಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ.

ಈ ಸಾಲನ್ನು ಮೂರು ತುಂಡು ಮಾಡಿ ಕೇಳಿ. ‘ಕರಿಮಣಿ’ ಎಂದ ಕೂಡಲೇ ಕೇಳುಗನಿಗೆ ಹಾಡಿನ ಗುರುತು ಹತ್ತುತ್ತದೆ. ‘ಮಾಲೀಕ’ ಎಂಬಲ್ಲಿ ಯಾರೋ ಒಬ್ಬರತ್ತ ಬೆರಳು ಹೋಗುತ್ತದೆ. ‘ನೀನಲ್ಲ’ ಎಂಬಲ್ಲಿ ಆ ಹಕ್ಕು ಕಿತ್ತುಹೋಗುತ್ತದೆ. ಗುರುತು, ಪಾತ್ರ, ತಿರುವು ಮೂರೂ ಕೆಲವೇ ಸೆಕೆಂಡಿನೊಳಗೆ ಮುಗಿಯುತ್ತವೆ. ಕರಿಮಣಿಯ ಜಾಗದಲ್ಲಿ ಬೇರೆ ಏನನ್ನು ತೋರಿಸಿದರೂ ಉಳಿದೆರಡು ತುಂಡು ತಮ್ಮ ಕೆಲಸ ಮಾಡುತ್ತಲೇ ಇರುತ್ತವೆ. ತನ್ನದು ಅಂದುಕೊಂಡಿದ್ದು ತನ್ನದಲ್ಲ ಎನ್ನುವ ಯಾವ ಸಂದರ್ಭವೂ ಇದಕ್ಕೆ ಒಗ್ಗುತ್ತದೆ: ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯುವವನು, ತಮ್ಮನ ಕೈಗೆ ಹೋದ ಟಿವಿ ರಿಮೋಟ್, ಆಫೀಸಿನ ಫ್ರಿಜ್‌ನಲ್ಲಿಟ್ಟ ಡಬ್ಬಿ. ಹೊಸ ಧ್ವನಿ ಸಿಕ್ಕಿದಾಗ ನಾನು ಮೊದಲು ಹುಡುಕುವುದು ಈ ಖಾಲಿ ಜಾಗವನ್ನು. ಯಾವ ಪದದ ಜಾಗದಲ್ಲಿ ಬೇರೆ ವಸ್ತುವನ್ನು ಕೂರಿಸಬಹುದು? ಅಂಥ ಜಾಗವೇ ಇಲ್ಲದಿದ್ದರೆ ಹಾಡು ಎಷ್ಟೇ ಓಡುತ್ತಿರಲಿ, ಅದರಿಂದ ಹಿನ್ನೆಲೆ ಸಂಗೀತ ಸಿಗುತ್ತದೆಯೇ ಹೊರತು ತಮಾಷೆ ಸಿಗುವುದಿಲ್ಲ.

ಮಾತೇ ಅರ್ಥವಾಗದ ಧ್ವನಿಗಳ ದಾರಿ ಬೇರೆ. 2023ರಲ್ಲಿ ಸೆರ್ಬಿಯಾದ ಗಾಯಕಿ ತೆಯಾ ದೋರಾ ಹಾಡಿದ ನೋವಿನ ಹಾಡೊಂದು ಭಾರತದಲ್ಲಿ ‘ಮೋಯೆ ಮೋಯೆ’ ಆಗಿ ಓಡಿತು. ಇಲ್ಲಿ ಪದದ ಅರ್ಥ ಯಾರಿಗೂ ಬೇಕಾಗಲಿಲ್ಲ. ರಾಗ ಅಷ್ಟು ದುಃಖದಿಂದ ಏಳುವಾಗ ಕೆಳಗೆ ಕಾಣುವುದು ಸಣ್ಣದೊಂದು ಎಡವಟ್ಟು. ಆ ಅಂತರವೇ ನಗು. ಹಾಗಾಗಿ ಎಡಿಟಿಂಗ್ ಕ್ರಮವೂ ಬದಲಾಗುತ್ತದೆ. ಎಡವಟ್ಟು ಮೊದಲು ತನ್ನ ಸಹಜ ಸದ್ದಿನೊಂದಿಗೆ ಪೂರ್ತಿ ನಡೆಯಬೇಕು, ಆಮೇಲೆ ರಾಗ ಬರಬೇಕು. ಕರಿಮಣಿಯ ಸಾಲಿನಲ್ಲಿ ಹೀಗಲ್ಲ: ಧ್ವನಿ ಮೊದಲೇ ಶುರುವಾಗಿ, ಗುಟ್ಟು ಕೊನೆಯ ಪದದ ಮೇಲೆ ಬಿಚ್ಚಿಕೊಳ್ಳಬೇಕು. ಈ ಎರಡನ್ನೂ ಒಂದೇ ಅಚ್ಚಿನಲ್ಲಿ ಎಡಿಟ್ ಮಾಡಿದ ವಿಡಿಯೊಗಳು ಬಹಳ. ಧ್ವನಿ ಸರಿ, ದೃಶ್ಯ ಸರಿ, ಆದರೂ ನಗು ಬರುವುದಿಲ್ಲ.

ಈಗ ಒಂದು ವಿಡಿಯೊವನ್ನು ಪೂರ್ತಿ ಕಟ್ಟೋಣ. ಸಾಲ ಮಾಡಿ ಕೊಂಡ ಹೊಸ ಸ್ಕೂಟರ್. ಹೂವಿನ ಹಾರ, ಚಕ್ರದಡಿ ನಿಂಬೆಹಣ್ಣು, ಮೇಲೆ ಕೂತು ಹೆಮ್ಮೆಯಿಂದ ಕನ್ನಡಿ ಸರಿಮಾಡಿಕೊಳ್ಳುವ ಹುಡುಗ. ತಿರುವು ಇರುವುದು ಆರ್‌ಸಿಯಲ್ಲಿ. ಸಾಲ ತೀರುವವರೆಗೆ ಅದರಲ್ಲಿ ಬ್ಯಾಂಕಿನ ಹೆಸರು ಹೈಪೋಥಿಕೇಶನ್ ಎಂದು ದಾಖಲಾಗಿರುತ್ತದೆ. ಕಾನೂನಿನ ಲೆಕ್ಕದಲ್ಲಿ ನೋಂದಾಯಿತ ಮಾಲೀಕ ಹುಡುಗನೇ. ಆದರೆ ಕಂತು ಕಟ್ಟುವವರಿಗೆಲ್ಲ ಆ ಸಾಲು ಎಲ್ಲಿ ಚುಚ್ಚುತ್ತದೆ ಎಂದು ಗೊತ್ತು. ನೋಡುವವರಿಗೆ ಮೊದಲೇ ಗೊತ್ತಿರುವ ಸಣ್ಣ ಸತ್ಯವೊಂದು ಸಿಗುವವರೆಗೆ ನಾನು ಕ್ಯಾಮೆರಾ ಎತ್ತುವುದಿಲ್ಲ.

ಮೊದಲ ಕೆಲಸ ಸರಿಯಾದ ಆಡಿಯೋ ಆರಿಸುವುದು. ಯಾವುದಾದರೂ ರೀಲ್‌ನ ಕೆಳಗಿರುವ ಆಡಿಯೋ ಹೆಸರನ್ನು ಮುಟ್ಟಿದರೆ ಆ ಧ್ವನಿಯ ಪುಟ ತೆರೆದು, ಅದನ್ನು ಬಳಸಿದ ರೀಲ್ಸ್ ಎಷ್ಟು ಎಂದು ತೋರಿಸುತ್ತದೆ. ಒಂದೇ ಸಾಲಿಗೆ ಇಂಥ ಪುಟಗಳು ಹಲವು ಇರುತ್ತವೆ. ಯಾರೋ ಸ್ಕ್ರೀನ್ ರೆಕಾರ್ಡ್ ಮಾಡಿ ಮತ್ತೆ ಹಾಕಿದಾಗಲೆಲ್ಲ ಅದು ಅವರ ಹೆಸರಿನ ‘ಒರಿಜಿನಲ್ ಆಡಿಯೋ’ ಆಗಿಬಿಡುತ್ತದೆ. ಹೀಗೆ ಕೈಬದಲಾಯಿಸಿದ ಧ್ವನಿ ಮಂಕಾಗಿರುತ್ತದೆ, ಸಾಲದ್ದಕ್ಕೆ ಮೊದಲ ಅಕ್ಷರವೂ ಅರ್ಧ ಕತ್ತರಿಸಿರುತ್ತದೆ. ‘ಕರಿಮಣಿ’ಯ ‘ಕ’ ಸ್ಪಷ್ಟವಾಗಿ ಕೇಳದಿದ್ದರೆ ಗುರುತು ಹತ್ತುವುದು ತಡವಾಗುತ್ತದೆ, ಅಷ್ಟರಲ್ಲಿ ಬೆರಳು ಮುಂದಿನ ವಿಡಿಯೊಗೆ ಜಾರಿರುತ್ತದೆ. ಸಂಖ್ಯೆ ದೊಡ್ಡದಿದೆ ಎಂದು ಕಣ್ಣುಮುಚ್ಚಿ ಆರಿಸಬೇಡಿ. ಮೊದಲ ಪದಕ್ಕೆ ಮುಂಚೆ ಅರ್ಧ ಸೆಕೆಂಡಾದರೂ ಉಸಿರಾಡಲು ಜಾಗ ಇರುವ ಪ್ರತಿಯನ್ನೇ ಸೇವ್ ಮಾಡಿಕೊಳ್ಳಿ.

ಅಂಗಡಿ, ಕಂಪನಿಗಳ ಬಿಸಿನೆಸ್ ಖಾತೆಯಾದರೆ ಚಿತ್ರಗೀತೆಗಳು ಪಟ್ಟಿಯಲ್ಲೇ ಕಾಣದಿರಬಹುದು, ಏಕೆಂದರೆ ಸಂಗೀತದ ಪರವಾನಗಿ ಜಾಹೀರಾತಿನ ಬಳಕೆಗೆ ಅನ್ವಯಿಸುವುದಿಲ್ಲ. ಅದನ್ನು ತಪ್ಪಿಸಿಕೊಳ್ಳಲು ಹಾಡನ್ನು ವಿಡಿಯೊದೊಳಗೇ ಅಂಟಿಸಿ ಹಾಕಿದರೆ, ಮುಂದೊಂದು ದಿನ ಧ್ವನಿ ಮ್ಯೂಟ್ ಆಗಿ ಬರೀ ಚಿತ್ರ ಉಳಿಯುವ ಅಪಾಯವಿದೆ. ಧ್ವನಿಯ ಮೇಲೆಯೇ ನಿಂತ ತಮಾಷೆಗೆ ಅಲ್ಲಿಗೆ ಮುಗಿಯಿತು.

ಚಿತ್ರೀಕರಣಕ್ಕೆ ಮೂರು ಶಾಟ್ ಸಾಕು: ಹಾರ ಹಾಕಿದ ಸ್ಕೂಟರ್, ಮೇಲೆ ಕೂತ ಹುಡುಗನ ಮುಖ, ಆರ್‌ಸಿಯ ಹತ್ತಿರದ ನೋಟ. 1080×1920 ಅಳತೆ, ಸೆಕೆಂಡಿಗೆ 30 ಫ್ರೇಮ್. ಆರ್‌ಸಿ ಶಾಟ್‌ನಲ್ಲಿ ವಾಹನ ಸಂಖ್ಯೆ, ಚಾಸಿ ಸಂಖ್ಯೆ, ಹೆಸರು, ವಿಳಾಸ, ಜೊತೆಗೆ ಬ್ಯಾಂಕಿನ ಹೆಸರನ್ನೂ ಕಾಗದ ಅಂಟಿಸಿಯೇ ಮುಚ್ಚಿ. ಎಡಿಟಿಂಗ್‌ನಲ್ಲಿ ಬ್ಲರ್ ಮಾಡಿದರೆ ಕೈ ಅಲುಗಿದ ಫ್ರೇಮ್‌ಗಳಲ್ಲಿ ಬ್ಲರ್ ಜಾರಿ ಅಂಕಿ ಇಣುಕುತ್ತದೆ. ‘ಹೈಪೋಥಿಕೇಶನ್’ ಎಂಬ ಸಾಲು ಮಾತ್ರ ಪರದೆಯ ನಡುವೆ ಕಾಣಲಿ. ಪರದೆಯ ಕೆಳಭಾಗವನ್ನು ಕ್ಯಾಪ್ಶನ್ ತಿನ್ನುತ್ತದೆ, ಬಲ ಅಂಚನ್ನು ಲೈಕ್, ಶೇರ್ ಗುಂಡಿಗಳು ತಿನ್ನುತ್ತವೆ.

ಎಡಿಟಿಂಗ್ ಶುರುಮಾಡುವ ಮುಂಚೆ ಬ್ಲೂಟೂತ್ ಇಯರ್‌ಬಡ್ಸ್ ತೆಗೆದಿಡಿ. ಅದರಲ್ಲಿ ಧ್ವನಿ ಕಿವಿಗೆ ತಲುಪುವಷ್ಟರಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ತಡವಾಗುವುದುಂಟು. 30 ಫ್ರೇಮ್ ಲೆಕ್ಕದಲ್ಲಿ ಅದು ಮೂರು ಫ್ರೇಮ್‌ಗಿಂತ ಹೆಚ್ಚು. ನಿಮ್ಮ ಕಿವಿಗೆ ಸರಿ ಕಂಡ ಕಟ್, ನೋಡುವವರ ಫೋನಿನ ಸ್ಪೀಕರ್‌ನಲ್ಲಿ ತಡವಾಗಿ ಬೀಳುತ್ತದೆ. ವೈರ್ ಇರುವ ಇಯರ್‌ಫೋನ್ ಅಥವಾ ಫೋನಿನ ಸ್ಪೀಕರ್ ಸಾಕು.

ಈಗ ಎಡಿಟಿಂಗ್ ಆ್ಯಪ್‌ನಲ್ಲಿ ಕಾಣುವ ಧ್ವನಿಯ ಅಲೆಯ ಚಿತ್ರ ದೊಡ್ಡದು ಮಾಡಿ ‘ನೀನಲ್ಲ’ದ ‘ನೀ’ ಎಲ್ಲಿ ಏಳುತ್ತದೆ ನೋಡಿ. ನಿಮ್ಮ ತುಣುಕಿನಲ್ಲಿ ಅದು 4.2 ಸೆಕೆಂಡಿಗೆ, ಅಂದರೆ 126ನೇ ಫ್ರೇಮ್‌ಗೆ ಬರುತ್ತದೆ ಎಂದಿಟ್ಟುಕೊಳ್ಳೋಣ. ಆರ್‌ಸಿ ಶಾಟ್‌ಗೆ ಕಟ್ ಮಾಡಬೇಕಾದ್ದು 123ಕ್ಕೆ. ಮೂರು ಫ್ರೇಮ್ ಮುಂಚೆ ಏಕೆಂದರೆ ಹೊಸ ಚಿತ್ರವನ್ನು ಕಣ್ಣು ಹಿಡಿಯಲು ಒಂದಿಷ್ಟು ಹೊತ್ತು ಬೇಕು; ಪದ ಕಿವಿಗೆ ಬೀಳುವಾಗ ಚಿತ್ರ ಅಲ್ಲಿ ಸಿದ್ಧವಾಗಿರಬೇಕು. ಚಿತ್ರ ಮುಂದೆ, ಸದ್ದು ಹಿಂದೆ ಇದ್ದರೆ ನಮ್ಮ ಮನಸ್ಸು ಒಪ್ಪಿಕೊಳ್ಳುತ್ತದೆ, ತಿರುಗುಮುರುಗಾದರೆ ಬೇಗ ಪತ್ತೆಹಚ್ಚುತ್ತದೆ. ಟಿವಿ ಪ್ರಸಾರಕ್ಕೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಕೊಟ್ಟ ಲೆಕ್ಕದಲ್ಲೂ ಸದ್ದು 45 ಮಿಲಿಸೆಕೆಂಡ್ ಮುಂಚೆ ಬಂದರೆ ಸಾಕು, ವ್ಯತ್ಯಾಸ ಗೊತ್ತಾಗುತ್ತದೆ. ತಡವಾಗಿ ಬಂದರೆ 125ರವರೆಗೂ ಗೊತ್ತಾಗುವುದಿಲ್ಲ. ಆ ಲೆಕ್ಕ ಇರುವುದು ತುಟಿ ಮತ್ತು ಮಾತಿನ ಹೊಂದಾಣಿಕೆಗೆ. ಕಟ್‌ಗೂ ಅದೇ ಪಕ್ಷಪಾತ ಕೆಲಸ ಮಾಡುವುದನ್ನು ಮೂರು ಫ್ರೇಮ್ ಹಿಂದೆ ಮುಂದೆ ಸರಿಸಿ ನೀವೇ ನೋಡಬಹುದು. ಹಾಗೆಂದು ಹತ್ತು ಫ್ರೇಮ್ ಮುಂಚೆ ತಂದರೆ ಗುಟ್ಟು ‘ಮಾಲೀಕ’ದ ಮೇಲೇ ಒಡೆದು, ‘ನೀನಲ್ಲ’ ಬರುವಾಗ ಹೇಳಲು ಏನೂ ಉಳಿಯುವುದಿಲ್ಲ.

ಅದರ ಹಿಂದಿನ ಕಟ್ ‘ಮಾಲೀಕ’ದ ‘ಮಾ’ ಮೇಲೆ: ಹುಡುಗನ ಮುಖ. ಇದನ್ನು ಬಿಟ್ಟು ಸ್ಕೂಟರ್‌ನಿಂದ ನೇರ ಆರ್‌ಸಿಗೆ ಹಾರಿದರೆ ‘ನೀನು’ ಎಂದರೆ ಯಾರು ಎನ್ನುವುದು ನೋಡುಗನಿಗೆ ಸಿಗುವುದಿಲ್ಲ. ಆರ್‌ಸಿ ಶಾಟ್ ಎರಡು ಸೆಕೆಂಡ್ ಇರಲಿ. ಕಾಣುವ ಅಕ್ಷರಗಳನ್ನು ಒಮ್ಮೆ ನಿಧಾನವಾಗಿ ಗಟ್ಟಿಯಾಗಿ ಓದಿ, ಅಷ್ಟು ಹೊತ್ತು ಬಿಟ್ಟರೆ ಸರಿ. ಆಮೇಲೆ ಮತ್ತೆ ಮುಖ, ಅರ್ಧ ಸೆಕೆಂಡ್‌ಗಿಂತ ಸ್ವಲ್ಪ ಹೆಚ್ಚು, ಏನೂ ಅಭಿನಯವಿಲ್ಲದೆ. ಬಾಯಿ ತೆರೆದು ಆಘಾತ ನಟಿಸಿದರೆ ಹಾಡು ಹೇಳಿ ಮುಗಿಸಿದ್ದನ್ನೇ ಮುಖ ಇನ್ನೊಮ್ಮೆ ಹೇಳಿದಂತಾಗುತ್ತದೆ.

ಕ್ಯಾಮೆರಾದ ಸದ್ದನ್ನು ಪೂರ್ತಿ ಸೊನ್ನೆ ಮಾಡುವವರೇ ಹೆಚ್ಚು. ನಾನು ಶೇಕಡಾ ಹತ್ತರ ಹತ್ತಿರ ಉಳಿಸುತ್ತೇನೆ. ಕನ್ನಡಿ ತಿರುಗಿಸಿದ ಕಿರ್ ಸದ್ದು, ರಸ್ತೆಯ ಹಾರ್ನ್ ಹಾಡಿನ ಅಡಿಯಲ್ಲಿ ತೆಳ್ಳಗೆ ಕೇಳಿದರೆ ದೃಶ್ಯ ನಿಜವೆನಿಸುತ್ತದೆ, ನಿಜವೆನಿಸಿದಷ್ಟೂ ಹಾಡಿನ ಗಂಭೀರ ತೀರ್ಪು ತಮಾಷೆಯಾಗುತ್ತದೆ. ಯಾರಾದರೂ ಮಾತಾಡುತ್ತಿದ್ದರೆ ಮಾತ್ರ ಸೊನ್ನೆ ಮಾಡಿ. ಎರಡು ಮಾತು ಒಂದರ ಮೇಲೊಂದು ಬಿದ್ದರೆ ಎರಡೂ ಕೇಳುವುದಿಲ್ಲ.

ಪರದೆಯ ಮೇಲೆ ಬರಹ ಬೇಕೇ? ಬೇಕು, ಆದರೆ ತಯಾರಿಗೆ ಮಾತ್ರ. ‘ಹೊಸ ಗಾಡಿ ಬಂತು’ ಅಷ್ಟು ಸಾಕು. ‘ಇಎಂಐ ಕಟ್ಟುವವರ ಪಾಡು’ ಎಂದು ಮೊದಲ ಫ್ರೇಮ್‌ನಲ್ಲೇ ಬರೆದರೆ ತಿರುವು ಅಲ್ಲೇ ಸತ್ತಿತು. ನಾನು ಕಾಣುವ ಕೆಟ್ಟ ರೀಲ್ಸ್‌ಗಳಲ್ಲಿ ಅರ್ಧಕ್ಕರ್ಧ ಕೆಡುವುದು ಇಲ್ಲೇ, ಕಟ್‌ನಲ್ಲಲ್ಲ.

ಹಾಕುವ ಮುಂಚೆ ಒಂದು ಪರೀಕ್ಷೆ ಮಾಡುತ್ತೇನೆ. ಮ್ಯೂಟ್ ಮಾಡಿ ನೋಡಿದಾಗಲೂ ಪೂರ್ತಿ ನಗು ಬಂದರೆ ಧ್ವನಿಗೆ ಅಲ್ಲಿ ಕೆಲಸವಿಲ್ಲ, ತೆಗೆದುಬಿಡಬಹುದು. ಮ್ಯೂಟ್‌ನಲ್ಲಿ ಕಥೆಯೇ ಅರ್ಥವಾಗದಿದ್ದರೆ ಶಾಟ್‌ಗಳು ಸೋತಿವೆ. ಕಥೆ ತಿಳಿದು ನಗು ಮಾತ್ರ ಬರದಿದ್ದರೆ ಎಡಿಟಿಂಗ್ ಸರಿಯಿದೆ. ಹಾಕಿದ ಮೇಲೆ ಇನ್‌ಸೈಟ್ಸ್‌ನಲ್ಲಿ ರಿಟೆನ್ಶನ್ ಗೆರೆ, ಅಂದರೆ ಯಾವ ಸೆಕೆಂಡಿನವರೆಗೆ ಎಷ್ಟು ಜನ ಉಳಿದರು ಎಂದು ತೋರಿಸುವ ಗೆರೆ, ನೋಡಿ. ‘ನೀನಲ್ಲ’ಕ್ಕೆ ಮುಂಚೆಯೇ ಗೆರೆ ಕುಸಿದಿದ್ದರೆ ಮೊದಲ ಶಾಟ್ ಉದ್ದವಾಯಿತು, ಅಥವಾ ಆಡಿಯೋ ಗುರುತು ಹತ್ತಲಿಲ್ಲ.

ಒಂದು ಗೆರೆಯನ್ನು ನಾನು ದಾಟುವುದಿಲ್ಲ. ಸಿನಿಮಾದ ಸಾಲು, ಬಿಡುಗಡೆಯಾದ ಹಾಡು, ನಗಿಸಲೆಂದೇ ಮಾತಾಡಿದವರ ಧ್ವನಿ ಬಳಸುತ್ತೇನೆ. ಟಿವಿ ಮೈಕಿನ ಮುಂದೆ ಅತ್ತ ಹೆಂಗಸಿನ ದನಿ, ಬಸ್ಸಿನ ಜಗಳದಲ್ಲಿ ಯಾರೋ ಕದ್ದು ಹಿಡಿದ ದನಿ ಎಷ್ಟೇ ಓಡುತ್ತಿದ್ದರೂ ಮುಟ್ಟುವುದಿಲ್ಲ. ಖಾಲಿ ಜಾಗ ತುಂಬುವ ಆಟದಲ್ಲಿ ಆ ಮನುಷ್ಯರ ಸಂಕಟ ಪ್ರತಿಸಲವೂ ಹೊಸದಾಗಿ ಮೊಳಗುತ್ತದೆ, ಅದನ್ನು ನಿಲ್ಲಿಸುವ ದಾರಿ ಅವರ ಕೈಯಲ್ಲಿಲ್ಲ.

ಧ್ವನಿಯ ಆಯಸ್ಸು ಮುಗಿಯುತ್ತಿರುವುದು ಕಾಮೆಂಟ್‌ಗಳಲ್ಲಿ ಗೊತ್ತಾಗುತ್ತದೆ. ಜನ ತಮ್ಮ ಸ್ನೇಹಿತರನ್ನು ಟ್ಯಾಗ್ ಮಾಡಿ ‘ಇದು ನೀನೇ’ ಎನ್ನುತ್ತಿರುವಷ್ಟು ದಿನ ಖಾಲಿ ಜಾಗ ಇನ್ನೂ ತುಂಬಿಲ್ಲ. ‘ಮತ್ತೆ ಇದೇ ಹಾಡಾ’ ಎಂಬ ಮಾತು ಶುರುವಾದರೆ ಸಾಲನ್ನು ಪೂರ್ತಿ ಹಾಕುವುದು ನಿಲ್ಲಿಸಿ, ‘ಕರಿಮಣಿ’ ಎಂಬಲ್ಲಿಗೇ ಧ್ವನಿ ಕತ್ತರಿಸಿ ಆರ್‌ಸಿ ತೋರಿಸಿ. ಉಳಿದದ್ದನ್ನು ನೋಡುಗನೇ ಮನಸ್ಸಿನಲ್ಲಿ ಹಾಡಿಕೊಳ್ಳುತ್ತಾನೆ. ಇದು ಸಾಲು ಎಲ್ಲರ ಬಾಯಲ್ಲಿರುವಾಗ ಮಾತ್ರ ನಡೆಯುತ್ತದೆ. ಕೆಲವು ತಿಂಗಳು ಬಿಟ್ಟು ಮಾಡಿದರೆ ಆಡಿಯೋ ಅಪ್‌ಲೋಡ್ ಆಗುವಾಗಲೇ ತುಂಡಾಗಿದೆ ಎಂದುಕೊಳ್ಳುತ್ತಾರೆ.