ಬಂದ್ ಮಾಡಿದ ಮೇಲೂ ದುಡ್ಡು ಕಟ್ ಆಯ್ತಾ? ಪತ್ರ ಹೀಗೆ ಬರೆಯಿರಿ

ಶಿರಸಿ ಪೇಟೆಯಿಂದ ಒಳಗಿರುವ ನಮ್ಮೂರಲ್ಲಿ ಜೂನ್ ಬಂತೆಂದರೆ ಟಿವಿಗೆ ರಜೆ. ಗಾಳಿ ಬೀಸಿ ಫೈಬರ್ ತಂತಿ ಮೇಲೆ ಮರ ಬೀಳುತ್ತದೆ. ಕರೆಂಟ್ ಹೋದರೆ ಎರಡು ದಿನ ಪತ್ತೆ ಇಲ್ಲ. ನೋಡದ ಸಿನಿಮಾಕ್ಕೆ ದುಡ್ಡು ಯಾಕೆ ಎಂದು ನಮ್ಮ ಅಪ್ಪಚ್ಚಿ ಈ ಸಲ ಮಳೆ ಹಿಡಿಯುವ ಮೊದಲೇ ಒಂದು ಆ್ಯಪ್‌ನ ವರ್ಷದ ಚಂದಾ ಬಂದ್ ಮಾಡಿದರು. ಎರಡು ದಿನ ಕಳೆಯುವುದರೊಳಗೆ ಖಾತೆಯಿಂದ 1,499 ರೂಪಾಯಿ ಹೋಯಿತು.

"ಅಲ್ದಾ ತಮಾ, ಬಂದ್ ಮಾಡಿದ ಮೇಲೂ ದುಡ್ಡು ಹೋತಲೋ!" ಎನ್ನುತ್ತಾ ಫೋನ್ ಹಿಡಿದುಕೊಂಡು ನಮ್ಮ ಮನೆ ಮೆಟ್ಟಿಲು ಹತ್ತಿದರು. ಬೈಯುವುದಕ್ಕೆ ಒಂದು ಪುಟದ ಕರಡೂ ತಯಾರಾಗಿತ್ತು. ಅದನ್ನು ಪಕ್ಕಕ್ಕಿಟ್ಟು ಇಬ್ಬರೂ ಕೂತು ಬೇರೆಯೇ ಪತ್ರ ಬರೆದೆವು. ಹೇಗೆ ಬರೆದೆವು ಎಂಬುದು ಇಲ್ಲಿದೆ.

ಮೊದಲು ದುಡ್ಡು ಯಾರ ಕೈ ಸೇರಿತು ನೋಡಿ

ಆ್ಯಪ್‌ನ ಹೆಸರು ಒಂದು, ದುಡ್ಡು ತೆಗೆದುಕೊಂಡವರು ಇನ್ನೊಬ್ಬರು ಆಗಿರಬಹುದು. ಚಂದಾ ಕಟ್ಟಿದ್ದು ಫೋನಿನ ಆ್ಯಪ್ ಅಂಗಡಿಯ ಮೂಲಕವಾದರೆ ದುಡ್ಡು ಹೋಗುವುದು ಆ ಅಂಗಡಿಗೆ. ವಾಪಸ್ ಕೇಳಬೇಕಾದದ್ದೂ ಅಲ್ಲೇ. ಸ್ಟೇಟ್‌ಮೆಂಟ್‌ನಲ್ಲಿ ಯಾರ ಹೆಸರಿದೆ ಎಂದು ನೋಡಿದರೆ ಇದು ಗೊತ್ತಾಗುತ್ತದೆ. ಮನೆಯಲ್ಲಿ ಒಂದು ಖಾತೆ ಮೊಬೈಲ್ ನಂಬರಿಗೆ, ಇನ್ನೊಂದು ಇಮೇಲ್‌ಗೆ ಇರುವುದೂ ಉಂಟು. ಮಗ ಮಾಡಿಕೊಟ್ಟ ಖಾತೆಯನ್ನು ರದ್ದು ಮಾಡಿ, ತಾವು ದುಡ್ಡು ಕಟ್ಟಿದ ಖಾತೆಯನ್ನು ಹಾಗೇ ಬಿಟ್ಟವರನ್ನು ನಾನು ಕಂಡಿದ್ದೇನೆ. ಇನ್ನು ಫೋನಿನಿಂದ ಆ್ಯಪ್ ಅಳಿಸಿದರೆ ಚಂದಾ ರದ್ದಾಗುವುದಿಲ್ಲ. ಈ ಮೂರರಲ್ಲಿ ಯಾವುದಾದರೂ ಆಗಿದ್ದರೆ ಮುಂದಿನ ಪತ್ರ ನಿಮಗಲ್ಲ.

ಅಪ್ಪಚ್ಚಿಯದು ಸರಿಯಿತ್ತು. ಕಂಪನಿಯ ವೆಬ್‌ಸೈಟಿನಲ್ಲೇ ರದ್ದು ಮಾಡಿದ್ದರು, ಯುಪಿಐ ಆಟೋಪೇ ಮೂಲಕ ದುಡ್ಡು ಹೋದದ್ದೂ ಅದೇ ಕಂಪನಿಗೆ.

ಅಷ್ಟು ಖಾತ್ರಿಯಾದ ಮೇಲೆ ಯುಪಿಐ ಆ್ಯಪ್‌ನಲ್ಲಿ ಆಟೋಪೇ ಎಂಬಲ್ಲಿಗೆ ಹೋಗಿ ಆ ಕಂಪನಿಯ ಮ್ಯಾಂಡೇಟನ್ನು, ಅಂದರೆ ದುಡ್ಡು ತಾನಾಗಿ ಕಟ್ ಆಗಲು ನೀವು ಕೊಟ್ಟ ಒಪ್ಪಿಗೆಯನ್ನು, ತೆಗೆದುಹಾಕಿ. ಹೋದ ದುಡ್ಡು ಇದರಿಂದ ಬರುವುದಿಲ್ಲ, ಮುಂದಿನ ಸಲ ಹೋಗುವುದು ನಿಲ್ಲುತ್ತದೆ ಅಷ್ಟೇ. ತೆಗೆಯುವ ಮೊದಲು ಆ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಪತ್ರಕ್ಕೆ ಬೇಕಾಗುತ್ತದೆ. ಮತ್ತೊಂದು ವಿಷಯ, ಹೇಗೂ ದುಡ್ಡು ಹೋಗಿದೆಯಲ್ಲ ಎಂದು ಸುಮ್ನೆ ಒಂದು ಸಿನಿಮಾ ಹಾಕಿ ಕೂರಬೇಡಿ. "ನೀವು ಸೇವೆ ಬಳಸಿದ್ದೀರಿ" ಎಂದು ಹೇಳಲು ಅವರಿಗೆ ಅಷ್ಟು ಸಾಕು.

ಮೂರು ಹೊತ್ತು

ಇಡೀ ಪತ್ರ ನಿಲ್ಲುವುದು ಮೂರು ಹೊತ್ತುಗಳ ಮೇಲೆ. ರದ್ದು ಮಾಡಿದ ಹೊತ್ತು, ದುಡ್ಡು ಕಟ್ ಆಗುತ್ತದೆ ಎಂಬ ಮುನ್ಸೂಚನೆ ಹೊರಟ ಹೊತ್ತು, ದುಡ್ಡು ಕಟ್ ಆದ ಹೊತ್ತು. ಮೊದಲನೆಯದೂ ಕೊನೆಯದೂ ಎಲ್ಲರಿಗೂ ಹೊಳೆಯುತ್ತದೆ. ಜನ ಮರೆಯುವುದು ನಡುವಿನದನ್ನು.

ಹೀಗೆ ತಾನಾಗಿ ಕಟ್ ಆಗುವ ಹಣಕ್ಕೆ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಕನಿಷ್ಠ 24 ಗಂಟೆ ಮೊದಲು ಗ್ರಾಹಕರಿಗೆ ಮುನ್ಸೂಚನೆ ಹೋಗಬೇಕು. ಯುಪಿಐ ಆಟೋಪೇಯಲ್ಲಿ ಕಂಪನಿ ಕಡೆಯಿಂದ ಬೇಡಿಕೆ ಹೋದರೇನೇ ಈ ಮುನ್ಸೂಚನೆ ಹೊರಡುವುದು. ಅಂದರೆ ಅದು ಹೊರಟಿದೆ ಎಂದರೆ ಕಂಪನಿಯ ಲೆಕ್ಕದಲ್ಲಿ ನೀವಿನ್ನೂ ಚಂದಾದಾರರು. ರದ್ದು ಮಾಡಿದ ನಂತರ ಮುನ್ಸೂಚನೆ ಹೊರಟಿದ್ದರೆ ತಪ್ಪು ಎಲ್ಲಿ ಎಂದು ಬೇರೆ ಹೇಳಬೇಕಾಗಿಲ್ಲ, ಅಲ್ವಾ? ಮುನ್ಸೂಚನೆ ಹೊರಟ ನಂತರ ರದ್ದು ಮಾಡಿದ್ದರೆ ನಿಮ್ಮ ವಾದ ಸ್ವಲ್ಪ ಸಪ್ಪೆ. "ನವೀಕರಣ ಆಗಲೇ ಶುರುವಾಗಿತ್ತು" ಎಂದು ಅವರು ಹೇಳುತ್ತಾರೆ. ಆಗ ನವೀಕರಣದ ಎಷ್ಟು ಹೊತ್ತು ಮೊದಲು ರದ್ದು ಮಾಡಬೇಕು ಎಂದು ಅವರದೇ ಷರತ್ತಿನಲ್ಲಿ ಏನಿದೆ ಎಂದು ಓದಿ, ಆ ಸಾಲನ್ನೇ ಎತ್ತಿ ಬರೆಯಿರಿ.

ಇಲ್ಲಿ ಎರಡು ಕಡೆ ಲೆಕ್ಕ ತಪ್ಪುತ್ತದೆ. ಒಂದು, ನಮ್ಮ ನೆಟ್‌ವರ್ಕ್. ಅಪ್ಪಚ್ಚಿಯ ಫೋನಿಗೆ ಮುನ್ಸೂಚನೆಯ ಮೆಸೇಜ್ ಬಂದದ್ದು 12ನೇ ತಾರೀಕು ಸಂಜೆ, ಹಾಲು ಕೊಡಲು ಟಾರು ರಸ್ತೆಗೆ ಹೋದಾಗ. ಅಷ್ಟರಲ್ಲಿ ದುಡ್ಡು ಹೋಗಿ ಅರ್ಧ ದಿನವಾಗಿತ್ತು. "ಮುನ್ಸೂಚನೆಯೇ ಬರಲಿಲ್ಲ" ಎಂದು ಅವರ ಕರಡಿನಲ್ಲಿ ಇತ್ತು. ಹಾಗೆ ಕಳಿಸಿದ್ದರೆ ಕಂಪನಿ ದಾಖಲೆ ತೋರಿಸಿ ಬಾಯಿ ಮುಚ್ಚಿಸುತ್ತಿತ್ತು. ಎಷ್ಟೋ ಫೋನುಗಳಲ್ಲಿ ಮೆಸೇಜನ್ನು ಒತ್ತಿ ಹಿಡಿದು ವಿವರ ತೆಗೆದರೆ ಕಳಿಸಿದ ಹೊತ್ತು ಬೇರೆ, ತಲುಪಿದ ಹೊತ್ತು ಬೇರೆ ಕಾಣುತ್ತದೆ. ಬೇಕಾದದ್ದು ಕಳಿಸಿದ ಹೊತ್ತು. ಅದು 11ನೇ ತಾರೀಕು ಬೆಳಿಗ್ಗೆ 5.50 ಎಂದಿತ್ತು.

ಇನ್ನೊಂದು, ಗಡಿಯಾರ. ರದ್ದತಿಯ ಇಮೇಲ್‌ನಲ್ಲಿ `10 Jun, 16:10 UTC` ಎಂದಿತ್ತು. ಅಪ್ಪಚ್ಚಿ ಅದನ್ನು ಸಂಜೆ ನಾಲ್ಕು ಹತ್ತು ಎಂದು ಓದಿ, "ಆಗ ನಾನು ತೋಟದಲ್ಲಿದ್ದೆ, ಇದು ಸುಳ್ಳು" ಎಂದು ಮತ್ತೆ ಸಿಟ್ಟಾದರು. `UTC` ಎಂದಿದ್ದರೆ ಅದಕ್ಕೆ ಐದೂವರೆ ತಾಸು ಕೂಡಿಸಬೇಕು. ರಾತ್ರಿ 9.40 ಆಯಿತು. ಊಟ ಮುಗಿಸಿ ರದ್ದು ಮಾಡಿದ್ದು ಅವರಿಗೂ ನೆನಪಾಯಿತು. ನಡುರಾತ್ರಿಯ ನಂತರ ರದ್ದು ಮಾಡಿದವರಿಗೆ ಇದರಿಂದ ತಾರೀಕೇ ಬದಲಾಗುತ್ತದೆ. ಹಾಗಾಗಿ ಪತ್ರದಲ್ಲಿ ಎಲ್ಲವನ್ನೂ ಭಾರತದ ಸಮಯದಲ್ಲೇ ಬರೆದು, ಹಾಗೆಂದು ಹೇಳಿಯೂ ಬಿಡಿ.

ಪತ್ರ

> ವಿಷಯ: ಚಂದಾ ರದ್ದಾದ ನಂತರ ಕಡಿತವಾದ ರೂ. 1,499 ಮರುಪಾವತಿ
>
> ಕುಂದುಕೊರತೆ ಅಧಿಕಾರಿಯವರಿಗೆ,
>
> ನನ್ನ ಖಾತೆಯ ಮೊಬೈಲ್ ಸಂಖ್ಯೆ ........ ನನ್ನ ವಾರ್ಷಿಕ ಚಂದಾ ಜೂನ್ 12ರಂದು ನವೀಕರಣವಾಗಬೇಕಿತ್ತು. ಅದಕ್ಕೂ ಮೊದಲೇ ರದ್ದು ಮಾಡಿದ್ದರೂ ಹಣ ಕಡಿತವಾಗಿದೆ. ವಿವರ ಹೀಗಿದೆ (ಎಲ್ಲವೂ ಭಾರತೀಯ ಕಾಲಮಾನ):
>
> ಜೂನ್ 10, ರಾತ್ರಿ 9.40: ಚಂದಾ ರದ್ದು. ನಿಮ್ಮ ದೃಢೀಕರಣ ಇಮೇಲ್ ಲಗತ್ತಿಸಿದೆ.
>
> ಜೂನ್ 11, ಬೆಳಿಗ್ಗೆ 5.50: ಕಡಿತದ ಮುನ್ಸೂಚನೆ ರವಾನೆ. ಅಂದರೆ ರದ್ದಾಗಿ 8 ಗಂಟೆ 10 ನಿಮಿಷದ ನಂತರ.
>
> ಜೂನ್ 12, ಬೆಳಿಗ್ಗೆ 6.12: ರೂ. 1,499 ಕಡಿತ. ಯುಪಿಐ ಉಲ್ಲೇಖ ಸಂಖ್ಯೆ ............
>
> ರದ್ದಾದ ಚಂದಾಕ್ಕೆ ಮುನ್ಸೂಚನೆ ಕಳಿಸಿ ಹಣ ಪಡೆಯಲಾಗಿದೆ. ಕಡಿತದ ನಂತರ ನಾನು ಸೇವೆಯನ್ನು ಬಳಸಿಲ್ಲ. ಪೂರ್ತಿ ರೂ. 1,499 ಅನ್ನು ಹಣ ಬಂದ ಬ್ಯಾಂಕ್ ಖಾತೆಗೇ ಹಿಂದಿರುಗಿಸಿ. ಕೂಪನ್ ಅಥವಾ ಚಂದಾ ವಿಸ್ತರಣೆ ನನಗೆ ಬೇಡ.
>
> ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳು 2020ರ ಪ್ರಕಾರ 48 ಗಂಟೆಯೊಳಗೆ ಸ್ವೀಕೃತಿಯನ್ನೂ ಒಂದು ತಿಂಗಳೊಳಗೆ ಪರಿಹಾರವನ್ನೂ ಕೋರುತ್ತೇನೆ.

ಇಷ್ಟೇ. ಇಂಗ್ಲಿಷಿನಲ್ಲಿ ಬರೆಯುವವರೂ ಇದೇ ಕ್ರಮ ಇಟ್ಟುಕೊಳ್ಳಿ. ಉಲ್ಲೇಖ ಸಂಖ್ಯೆ 12 ಅಂಕಿಯದು, ಯುಪಿಐ ಆ್ಯಪ್‌ನಲ್ಲಿ ಆ ಪಾವತಿಯನ್ನು ತೆರೆದರೆ ಸಿಗುತ್ತದೆ. ಕೂಪನ್ ಬೇಡ ಎಂಬ ಸಾಲು ಸಣ್ಣದಾದರೂ ಬಿಡಬೇಡಿ. ಇಲ್ಲದಿದ್ದರೆ "ಮುಂದಿನ ಮೂರು ತಿಂಗಳು ಉಚಿತ" ಎಂದು ಸಾಗಹಾಕಲು ನೋಡುತ್ತಾರೆ.

"ಮೋಸ", "ಕಳ್ಳತನ" ಎಂಬ ಪದಗಳನ್ನು ಅಪ್ಪಚ್ಚಿಯ ಕರಡಿನಿಂದ ಹೊಡೆದುಹಾಕಿದೆ. ಮರ್ಯಾದೆಗೆ ಅಂತಲ್ಲ. ಮೋಸ ಎಂದರೆ ನಿಮಗೆ ಗೊತ್ತಿಲ್ಲದೆ ಯಾರೋ ದುಡ್ಡು ಎಳೆದರು ಎಂಬ ದೂರಾಗುತ್ತದೆ. ಆಗ ಮ್ಯಾಂಡೇಟ್‌ಗೆ ನೀವೇ ಪಿನ್ ಹಾಕಿ ಒಪ್ಪಿದ ದಾಖಲೆ ತೋರಿಸುತ್ತಾರೆ, ದೂರು ಅಲ್ಲಿಗೇ ಬಿದ್ದುಹೋಗುತ್ತದೆ. ನಿಮ್ಮ ತಕರಾರು ಅದಲ್ಲ. ಒಪ್ಪಿದ್ದು ಹೌದು, ಆಮೇಲೆ ರದ್ದು ಮಾಡಿದ್ದೂ ಹೌದು. ಬ್ಯಾಂಕಿಗೆ ಬರೆಯುವಾಗಲೂ ಇದೇ ಮಾತು ಇರಲಿ.

ಕಳಿಸುವ ವಿಳಾಸವನ್ನು ಗೂಗಲ್‌ನಲ್ಲಿ ಹುಡುಕಬೇಡಿ. ಅಲ್ಲಿ ಸಿಗುವ "ಕಸ್ಟಮರ್ ಕೇರ್" ನಂಬರುಗಳಲ್ಲಿ ನಕಲಿಯವು ಜಾಸ್ತಿ. ಕಂಪನಿಯ ವೆಬ್‌ಸೈಟಿನ ಅಡಿಯಲ್ಲಿ ಕುಂದುಕೊರತೆ ಅಧಿಕಾರಿಯ ವಿವರ ಇರುತ್ತದೆ. ಸಿನಿಮಾ, ಸೀರಿಯಲ್‌ನಲ್ಲಿ ಏನು ತೋರಿಸಿದರು ಎಂಬ ದೂರು ಕೇಳುವ ಅಧಿಕಾರಿ ಬೇರೆ ಇರಬಹುದು, ಇಬ್ಬರ ವಿಳಾಸ ಅದಲುಬದಲಾಗದಿರಲಿ. ಒಟಿಪಿ, ಪಿನ್ ಯಾರು ಕೇಳಿದರೂ ಕೊಡಬೇಡಿ. ದುಡ್ಡು ವಾಪಸ್ ಬರಲು ಅವು ಬೇಕಾಗುವುದೇ ಇಲ್ಲ.

ಉತ್ತರ ಬಂದ ಮೇಲೆ

ಪತ್ರ ಕಳಿಸಿದ್ದು ಜೂನ್ 13ಕ್ಕೆ. ಮೂರನೇ ದಿನ ಉತ್ತರ ಬಂತು: ನವೀಕರಣವಾದ ಚಂದಾಕ್ಕೆ ಮರುಪಾವತಿ ಇಲ್ಲ, ಇದು ನಮ್ಮ ನೀತಿ. ಇಂಥದ್ದು ಮೊದಲೇ ಬರೆದಿಟ್ಟ ಉತ್ತರ. ನಿಮ್ಮ ಪತ್ರವನ್ನು ಯಾರೂ ಪೂರ್ತಿ ಓದಿಲ್ಲ ಎಂದಷ್ಟೇ ಅದರ ಅರ್ಥ. ಹೊಸ ಪತ್ರ ಶುರು ಮಾಡದೆ, ಅದೇ ದೂರಿನ ಸಂಖ್ಯೆ ಇಟ್ಟುಕೊಂಡು ಎರಡು ಸಾಲು ಬರೆದೆವು: "ನಾನು ಕೇಳಿದ್ದು ನವೀಕರಣವಾದ ಚಂದಾದ ಹಣವಲ್ಲ, ರದ್ದಾದ ಚಂದಾದ ಹಣ. ಜೂನ್ 10ರ ರಾತ್ರಿ 9.40ಕ್ಕೆ ರದ್ದಾದದ್ದನ್ನು ನೀವು ಒಪ್ಪುತ್ತೀರೋ ಇಲ್ಲವೋ ತಿಳಿಸಿ." ಹೌದು ಅಥವಾ ಇಲ್ಲ ಎನ್ನಬೇಕಾದ ಪ್ರಶ್ನೆ ಇದ್ದರೆ ಸಿದ್ಧ ಉತ್ತರ ಅಂಟಿಸುವುದು ಕಷ್ಟ.

ಅದಕ್ಕೂ ಜಗ್ಗದಿದ್ದರೆ 1915ಕ್ಕೆ ಫೋನ್ ಮಾಡಬೇಕಿತ್ತು. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. `consumerhelpline.gov.in`ನಲ್ಲೂ ದೂರು ಹಾಕಬಹುದು. ಅವರು ದೂರನ್ನು ಕಂಪನಿಗೆ ದಾಟಿಸಿ ಉತ್ತರ ಕೇಳುತ್ತಾರೆ, ತೀರ್ಪು ಕೊಡುವುದಿಲ್ಲ. ಕಾರ್ಡಿನಿಂದ ಕಟ್ಟಿದವರು ಬ್ಯಾಂಕಿನಲ್ಲಿ ಚಾರ್ಜ್‌ಬ್ಯಾಕ್, ಅಂದರೆ ಹೋದ ದುಡ್ಡನ್ನು ಬ್ಯಾಂಕ್ ಮೂಲಕವೇ ವಾಪಸ್ ತರಿಸಿಕೊಡಿ ಎಂದು ಕೇಳಬಹುದು, ರದ್ದಾದ ಚಂದಾ ಅದಕ್ಕೆ ಒಪ್ಪುವ ಕಾರಣವೇ. ಅದಕ್ಕೂ ಗಡುವು ಇರುತ್ತದೆ, ಕಂಪನಿಯ ಉತ್ತರಕ್ಕೆ ಕಾಯುತ್ತಾ ತಿಂಗಳುಗಟ್ಟಲೆ ಕೂರಬೇಡಿ. ಕೊನೆಯದು ಕಾರವಾರದಲ್ಲಿರುವ ಜಿಲ್ಲಾ ಗ್ರಾಹಕ ಆಯೋಗ. ಕಂಪನಿ ಎಲ್ಲೇ ಇರಲಿ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ, ಆನ್‌ಲೈನ್‌ನಲ್ಲೂ ಸಲ್ಲಿಸಬಹುದು. ಆದರೂ 1,499 ರೂಪಾಯಿಗಾಗಿ ಘಟ್ಟ ಇಳಿದು ಹತ್ತುವ ಕೆಲಸಕ್ಕೆ ನಾನಂತೂ ಮೊದಲು 1915 ಮುಗಿಸಿಯೇ ಹೊರಡುತ್ತಿದ್ದೆ.

ಅಷ್ಟು ದೂರ ಹೋಗಬೇಕಾಗಲಿಲ್ಲ. ದುಡ್ಡು ಜೂನ್ 21ಕ್ಕೆ ವಾಪಸ್ ಬಂತು. ಅಪ್ಪಚ್ಚಿಗೆ ಗೊತ್ತಾದದ್ದು ಮಾತ್ರ 23ಕ್ಕೆ, ಶಿರಸಿ ಪೇಟೆಗೆ ಹೋಗಿ ಫೋನಿಗೆ ನೆಟ್‌ವರ್ಕ್ ಸಿಕ್ಕಾಗ.