ಗೋಡೆಗೆ ಪ್ಲೈವುಡ್ ಹೊದಿಕೆ: ಮೂರು ಮಿಲಿಮೀಟರ್ ಸಂದಿನ ಲೆಕ್ಕ

ಪ್ಲೈವುಡ್ ಗಾಳಿಯ ತೇವ ಹೀರಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಘನ ಮರದಷ್ಟು ಅಲ್ಲ, ಆದರೂ ಹಲಗೆಯೊಳಗಿನ ತೇವಾಂಶ ಶೇ 1ರಷ್ಟು ಬದಲಾದರೆ ಒಂದು ಮೀಟರ್ ಹಲಗೆ ಸುಮಾರು 0.2 ಮಿ.ಮೀ. ವ್ಯತ್ಯಾಸವಾಗುತ್ತದೆ ಎಂದು ಹಿಡಿಯಬಹುದು. ಒಣ ಕಾಲಕ್ಕೂ ತೇವದ ಕಾಲಕ್ಕೂ ನಡುವೆ ಶೇ 5ರಷ್ಟು ಏರಿಳಿತ ಇದ್ದರೆ ಅದು ಮೀಟರಿಗೆ 1 ಮಿ.ಮೀ. ಆಯಿತು. ಹಿಗ್ಗಲು ಜಾಗ ಇಲ್ಲದ ಹಲಗೆ ಹೊಟ್ಟೆ ಬಿಟ್ಟುಕೊಂಡು ಮುಂದಕ್ಕೆ ಉಬ್ಬುತ್ತದೆ. ಸಂದಿನ ಅಗಲ, ಹಲಗೆ ಹಿಡಿಸಲು ಗೋಡೆಗೆ ಹೊಡೆಯುವ ಮರದ ಪಟ್ಟಿಗಳಾದ ರೀಪರ್‌ಗಳ ಜಾಗ, ಸ್ಕ್ರೂ ತೂತಿನ ಅಳತೆ ಎಲ್ಲವೂ ಈ ಒಂದು ಲೆಕ್ಕದಿಂದಲೇ ಬರುತ್ತವೆ.

ಒಂದು ಒಳಗೋಡೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅಗಲ 3500 ಮಿ.ಮೀ., ಎತ್ತರ 2450 ಮಿ.ಮೀ. ಹಲಗೆ 12 ಮಿ.ಮೀ. ದಪ್ಪದ್ದು, 8×4 ಅಡಿ, ಅಂದರೆ 2440×1220 ಮಿ.ಮೀ.

ಮೊದಲು ಕಾಗದದ ಮೇಲೆ

ಗೋಡೆಯ ನಾಲ್ಕೂ ಅಂಚಿಗೆ 10 ಮಿ.ಮೀ., ಹಲಗೆ ಹಲಗೆಯ ನಡುವೆ 3 ಮಿ.ಮೀ. ಬಿಡಬೇಕು. ಅಗಲದಲ್ಲಿ 3500ರಿಂದ ಎರಡು ಅಂಚಿನ 20, ಎರಡು ಸಂದಿನ 6 ಕಳೆದರೆ 3474 ಉಳಿಯುತ್ತದೆ. ಮೂರರಿಂದ ಭಾಗಿಸಿದರೆ ಪ್ರತಿ ಹಲಗೆ 1158 ಮಿ.ಮೀ. ಎತ್ತರ 2430. ಎರಡು ಪೂರ್ತಿ ಹಲಗೆ ಹೊಡೆದು ಮೂರನೆಯದನ್ನು ಮಾತ್ರ ಕತ್ತರಿಸಿದರೆ ಕೆಲಸ ಕಡಿಮೆ ನಿಜ, ಆದರೆ ಓರೆಗಣ್ಣಿಗೂ ಆ ತೇಪೆ ಕಾಣುತ್ತದೆ. ಮೂರನ್ನೂ ಸಮವಾಗಿ ಕತ್ತರಿಸುವುದೇ ಒಳ್ಳೆಯದು.

1158 ಮಿ.ಮೀ. ಹಲಗೆ ಶೇ 5ರ ಏರಿಳಿತಕ್ಕೆ ಸುಮಾರು 1.2 ಮಿ.ಮೀ. ಹಿಗ್ಗುತ್ತದೆ. ಸಂದಿಗೆ ಎರಡು ಬದಿಯಿಂದ ಅರ್ಧರ್ಧ ಬಂದು ಸೇರುವುದರಿಂದ ಅಲ್ಲಿ ಮುಚ್ಚುವುದೂ 1.2 ಮಿ.ಮೀ. ಮಾತ್ರ. ಹಾಗಾಗಿ 3 ಮಿ.ಮೀ. ಸಾಕು. ತೇವ ತುಂಬಿದ ಕಾಲದಲ್ಲೇ ಕೂರಿಸುತ್ತಿದ್ದರೆ 2 ಮಿ.ಮೀ. ಇಡಬಹುದು, ಮುಂದೆ ಅದು ಅಗಲವಾಗುತ್ತದೆಯೇ ಹೊರತು ಕಿರಿದಾಗದು.

ಗೋಡೆಯ ಪರೀಕ್ಷೆ

ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ, ಎರಡು ದಿನ ಬಿಡಿ. ಗೋಡೆಯ ಕಡೆಯ ಮೈಯಲ್ಲಿ ನೀರಿನ ಹನಿ ಕಂಡರೆ ಹೊದಿಕೆ ಕೆಲಸ ಅಲ್ಲಿಗೇ ನಿಲ್ಲಲಿ. ತೇವದ ಮೂಲ ಸರಿಪಡಿಸದೆ ಮುಚ್ಚಿದರೆ ಹಲಗೆಯ ಬೆನ್ನಿಗೆ ಬೂಷ್ಟು ಹಿಡಿಯುವುದು ಖಂಡಿತ.

ಹಲಗೆಗಳನ್ನು ಅದೇ ಕೋಣೆಯಲ್ಲಿ ಎರಡು ಮೂರು ದಿನ ಮಲಗಿಸಿಡಿ. ನಡುವೆ ಸಣ್ಣ ಮರದ ತುಂಡು ಇಟ್ಟು ಗಾಳಿಯಾಡಲು ಬಿಡಿ. ಕತ್ತರಿಸಿದ ಮೇಲೆ ಅಂಚು, ಮುಖ, ಬೆನ್ನು ಮೂರಕ್ಕೂ ಸಮನಾಗಿ ಸೀಲರ್ ಬಳಿಯಬೇಕು. ಮುಖಕ್ಕೆ ಮಾತ್ರ ಬಳಿದರೆ ಬೆನ್ನು ತೇವ ಹೀರಿ ಹಲಗೆ ಬಾಗುತ್ತದೆ. ಕಾಣದ ಬದಿ ಎಂದು ಹೆಚ್ಚಿನವರು ಬಿಟ್ಟುಬಿಡುವುದು ಇಲ್ಲೇ.

ರೀಪರ್ ಪಟ್ಟಿಗಳು

ಒಣಗಿದ ಮರದ 50×25 ಮಿ.ಮೀ. ಪಟ್ಟಿಗಳನ್ನು ನೆಟ್ಟಗೆ, ಲಂಬವಾಗಿ ಹಾಕುತ್ತೇವೆ. ಆಗ ಹಿಂದಿನ ಗಾಳಿ ಕೆಳಗಿನಿಂದ ಮೇಲಕ್ಕೆ ಸಲೀಸಾಗಿ ಹರಿಯುತ್ತದೆ. ಎರಡು ಸಂದುಗಳ ಹಿಂದೆ ಮಾತ್ರ 75 ಮಿ.ಮೀ. ಅಗಲದ್ದು ಬೇಕು. 50ರ ಪಟ್ಟಿಯಲ್ಲಿ ಪ್ರತಿ ಹಲಗೆಗೆ ಸಿಗುವ ಆಸರೆ 23 ಮಿ.ಮೀ. ಚಿಲ್ಲರೆ ಅಷ್ಟೇ. ಅಂಚಿಗೆ ತೀರ ಹತ್ತಿರ ಸ್ಕ್ರೂ ಬಿದ್ದು ಪಟ್ಟಿ ಸೀಳುತ್ತದೆ.

ಎಡಮೂಲೆಯಿಂದ ಅಳೆದರೆ ಸಂದುಗಳ ನಡುಗೆರೆ 1169.5 ಮತ್ತು 2330.5 ಮಿ.ಮೀ.ಗೆ ಬರುತ್ತದೆ. ಪ್ರತಿ ಹಲಗೆಯ ಹಿಂದೆ ಇನ್ನೆರಡು ಪಟ್ಟಿ, ಸಂದಿನ ನಡುಗೆರೆಯಿಂದ 387 ಮಿ.ಮೀ. ಅಂತರದಲ್ಲಿ. ಮೂಲೆಗಳಲ್ಲಿ ಒಂದೊಂದು. ಒಟ್ಟು ಹತ್ತು ಪಟ್ಟಿ. 12 ಮಿ.ಮೀ. ಹಲಗೆಗೆ 600ರ ಅಂತರ ಸಾಲದೇ ಎಂದು ಕೇಳುವವರಿದ್ದಾರೆ. ಪ್ಲೈವುಡ್‌ಗೆ ಬಲ ಇರುವುದು ಮೇಲ್ಪದರದ ಎಳೆ ಓಡುವ ದಿಕ್ಕಿನಲ್ಲಿ. ಇಲ್ಲಿ ಎಳೆಯೂ ಪಟ್ಟಿಯೂ ಲಂಬವಾಗಿರುವುದರಿಂದ ಪಟ್ಟಿಯಿಂದ ಪಟ್ಟಿಗೆ ಹಲಗೆಯ ದುರ್ಬಲ ದಿಕ್ಕು ಬರುತ್ತದೆ. ಹಾಗಾಗಿ 400 ದಾಟದಿರುವುದು ಮೇಲು.

ಗೋಡೆ ಎಲ್ಲಿ ಹೆಚ್ಚು ಮುಂದೆ ಚಾಚಿದೆ ಎಂದು ಮೊದಲು ಹುಡುಕಿ, ಎಲ್ಲ ಪಟ್ಟಿಗಳ ಮಟ್ಟವನ್ನು ಆ ಉಬ್ಬಿಗೆ ಹೊಂದಿಸಿ. ಎರಡು ಮೂಲೆಯ ಪಟ್ಟಿಗಳನ್ನು ತೂಗುಗುಂಡು ಇಟ್ಟು ನೆಟ್ಟಗೆ ನಿಲ್ಲಿಸಿ, ಅವುಗಳ ನಡುವೆ ಮೇಲೆ, ಮಧ್ಯೆ, ಕೆಳಗೆ ದಾರ ಬಿಗಿದರೆ ಉಳಿದವುಗಳ ಮಟ್ಟ ಸಿಕ್ಕಂತೆ.

ಪ್ರತಿ ಪಟ್ಟಿಗೆ ಆರು ಸ್ಕ್ರೂ. ತುದಿಯಿಂದ 100 ಮಿ.ಮೀ. ಬಿಟ್ಟು ಮೊದಲನೆಯದು, ಆಮೇಲೆ ಸುಮಾರು 450ಕ್ಕೊಂದು. ಪಟ್ಟಿಯ 25, ಗಾರೆಯ 15, ಇಟ್ಟಿಗೆಯೊಳಗೆ 40, ಒಟ್ಟು 80 ಮಿ.ಮೀ. ಉದ್ದದ ಸ್ಕ್ರೂ ಮತ್ತು ಅದಕ್ಕೆ ಹೊಂದುವ ಪ್ಲಗ್ ಬೇಕು. ಗಾರೆಗೆ ಹಿಡಿತ ಇಲ್ಲ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ತೂತಿನ ಪುಡಿ ಊದಿ ತೆಗೆದ ಮೇಲೆಯೇ ಪ್ಲಗ್ ಇಳಿಸಿ.

ಪಟ್ಟಿಗೂ ಗೋಡೆಗೂ ನಡುವೆ ಪೊಳ್ಳು ಇರುವಲ್ಲಿ ತೆಳು ಚಕ್ಕೆ ತುರುಕಬೇಕು, ಅದೂ ಸ್ಕ್ರೂ ಇರುವ ಜಾಗದಲ್ಲೇ. ಅರ್ಧ ಅಡಿ ಆಚೆ ಇಟ್ಟರೆ ಬಿಗಿದಾಗ ಪಟ್ಟಿ ಒಳಕ್ಕೆ ಬಾಗುತ್ತದೆ. ನಡುವಿನ ಪಟ್ಟಿಗಳಲ್ಲಿ ಈ ಸ್ಕ್ರೂಗಳು ನಡುಗೆರೆಯಿಂದ 10 ಮಿ.ಮೀ. ಪಕ್ಕಕ್ಕಿರಲಿ, ಇಲ್ಲವಾದರೆ ಹಲಗೆಯ ಸ್ಕ್ರೂ ಬಂದು ಅವುಗಳ ತಲೆಗೇ ಬಡಿಯುತ್ತದೆ. ಸಂದಿನ ಪಟ್ಟಿಗೆ ಈಗಲೇ ಕಪ್ಪು ಬಣ್ಣ ಬಳಿದುಬಿಡಿ. ಸಂದಿನ ಸಣ್ಣಪುಟ್ಟ ಏರುಪೇರು ಕಣ್ಣಿಗೆ ಬೀಳುವುದಿಲ್ಲ.

ಸ್ವಿಚ್ ಬೋರ್ಡ್ ಇದ್ದರೆ ಅದರ ಡಬ್ಬಿ 37 ಮಿ.ಮೀ. ಮುಂದಕ್ಕೆ ಬರಬೇಕು. ಅದು ಎಲೆಕ್ಟ್ರಿಷಿಯನ್ ಕೆಲಸ.

ಹಲಗೆ ಕೂರಿಸುವುದು

ಮೂಲೆಯಿಂದ ಶುರು ಮಾಡಬೇಡಿ, ಮೂಲೆಗಳು ನೆಟ್ಟಗಿರುವುದು ಅಪರೂಪ. ಮಧ್ಯದ ಹಲಗೆಯನ್ನು ನೆಲದಿಂದ 10 ಮಿ.ಮೀ. ತುಂಡಿನ ಮೇಲೆ ನಿಲ್ಲಿಸಿ, ಎಡ ಅಂಚನ್ನು 1171 ಮಿ.ಮೀ. ಗುರುತಿಗೆ ಹೊಂದಿಸಿ, ಲಂಬ ನೋಡಿ ಹಿಡಿಸಿ. ಪಕ್ಕದವುಗಳನ್ನು ತರುವಾಗ ಸಂದಿನಲ್ಲಿ 3 ಮಿ.ಮೀ. ಚಕ್ಕೆಗಳನ್ನು ಮೇಲೆ, ನಡುವೆ, ಕೆಳಗೆ ಇಟ್ಟುಕೊಳ್ಳಿ. ಮೂಲೆಯ ಸೊಟ್ಟ 10 ಮಿ.ಮೀ. ಸಂದಿನಲ್ಲಿ ಅಡಗುತ್ತದೆ.

ಸ್ಕ್ರೂ 4×30 ಮಿ.ಮೀ., ಗುಂಡುತಲೆಯದು, ಜೊತೆಗೆ ಅಗಲ ವಾಶರ್. ಚಪ್ಪಟೆತಲೆ ಸ್ಕ್ರೂ ಅಂದವಾಗಿ ಕಂಡರೂ ಅದರ ಕೆಳಗಿನ ಇಳಿಜಾರು ಹಲಗೆಯೊಳಗೆ ಬೆಣೆಯಂತೆ ಕಚ್ಚಿ, ಹಲಗೆ ಅಲುಗದ ಹಾಗೆ ಮಾಡುತ್ತದೆ. ಎರಡೂ ಅಂಚಿನಲ್ಲಿ, ಅಂಚಿನಿಂದ 15 ಮಿ.ಮೀ. ಒಳಗೆ, ತಲಾ 13 ಸ್ಕ್ರೂ. ನಡುವಿನ ಎರಡು ಪಟ್ಟಿಗೆ ತಲಾ 9. ಹಲಗೆಗೆ 44, ಮೂರಕ್ಕೆ 132. ಕೈತಪ್ಪಿ ಬೀಳುವುದೂ ಸೇರಿ 150 ತನ್ನಿ.

ತೂತಿನ ವಿಷಯದಲ್ಲಿ ಅವಸರ ಬೇಡ. ನಡುವಿನ ಎರಡು ಪಟ್ಟಿಗಳ ಮಧ್ಯದ ಒಂದೊಂದು ಸ್ಕ್ರೂಗೆ ಮಾತ್ರ ಹಲಗೆಯಲ್ಲಿ 4.5 ಮಿ.ಮೀ. ತೂತು. ಅವು ಹಲಗೆಯನ್ನು ಹೊಕ್ಕುಳಿನಲ್ಲಿ ಹಿಡಿದಿಡುತ್ತವೆ. ಉಳಿದ 42ಕ್ಕೂ 7 ಮಿ.ಮೀ. ತೂತು. ಮಧ್ಯದಿಂದ ಪಕ್ಕದಂಚಿಗೆ 0.6, ಮೇಲಂಚಿಗೆ 1.2 ಮಿ.ಮೀ. ಚಲನೆ ಬರುವುದರಿಂದ ಮೂಲೆಯ ಸ್ಕ್ರೂಗೆ ಓರೆಯಾಗಿ ಸುಮಾರು 1.35 ಮಿ.ಮೀ. ಆಗುತ್ತದೆ. 7ರ ತೂತಿನಲ್ಲಿ 4ರ ಸ್ಕ್ರೂ ಸುತ್ತ ಸಿಗುವುದು 1.5. ಪಟ್ಟಿಯಲ್ಲಿ 2.5 ಮಿ.ಮೀ. ಮುಂತೂತು ಹಾಕಿ. ವಾಶರ್ ತಾಗಿದ ಮೇಲೆ ಕಾಲು ಸುತ್ತು ಸಾಕು. ಇನ್ನೂ ಬಿಗಿದರೆ 7ರ ತೂತು ಮಾಡಿದ್ದೇ ದಂಡ.

ಇಷ್ಟೆಲ್ಲ ಮಾಡಿ, ಪಟ್ಟಿಗೆ ಅಂಟು ಬಳಿದರೂ ಅಷ್ಟೇ, ಸಂದಿಗೆ ಪುಟ್ಟಿ ತುಂಬಿದರೂ ಅಷ್ಟೇ, ಲೆಕ್ಕ ಕೆಡುತ್ತದೆ. ಮೂಲೆಯ ಬೀಡಿಂಗನ್ನು ಗೋಡೆಗೆ ಮಾತ್ರ ಹೊಡೆಯಿರಿ, ಎರಡಕ್ಕೂ ಅಲ್ಲ. ಸ್ಕರ್ಟಿಂಗ್ ನೆಲದಿಂದ 5 ಮಿ.ಮೀ. ಮೇಲಿರಲಿ, ಮೇಲಂಚನ್ನೂ ಪೂರ್ತಿ ಮುಚ್ಚಬೇಡಿ. ಗಾಳಿಗೆ ಒಳದಾರಿ, ಹೊರದಾರಿ ಎರಡೂ ಬೇಕು.

ಕೆಟ್ಟರೆ ಪತ್ತೆ ಹೇಗೆ

ಉಬ್ಬು ತೇವದ ಕಾಲದಲ್ಲಿ ಮಾತ್ರ ಬಂದು, ಸಂದು ಮುಚ್ಚಿಕೊಂಡಿದ್ದರೆ ಜಾಗ ಸಾಲದಾಗಿದೆ. ಆ ಅಂಚಿನ ಸ್ಕ್ರೂ ಬಿಚ್ಚಿ, ಹಲಗೆ ತೆಗೆದು ಒಂದೆರಡು ಮಿ.ಮೀ. ಹೆರೆಯಬೇಕು. ಉಬ್ಬು ವರ್ಷವಿಡೀ ಹಾಗೇ ಇದ್ದರೆ ತಪ್ಪು ಪಟ್ಟಿಯದು. ಎರಡು ಮೀಟರ್ ನೇರಗೋಲನ್ನು ಅಡ್ಡ ಇಟ್ಟರೆ ಯಾವ ಪಟ್ಟಿ ಮುಂದೆ ಬಂದಿದೆ ಎಂದು ತಿಳಿಯುತ್ತದೆ. ಸಂದು ಸರಿಯಿದ್ದು ಸ್ಕ್ರೂ ತಲೆಗಳಷ್ಟೇ ಓರೆಯಾಗಿದ್ದರೆ ತೂತು ಕಿರಿದಾಗಿದೆ ಎಂದರ್ಥ. ಒಂದೊಂದಾಗಿ ಬಿಚ್ಚಿ, ಆ ತೂತುಗಳನ್ನು 7 ಮಿ.ಮೀ.ಗೆ ಹಿಗ್ಗಿಸಿದರೆ ಹಲಗೆ ಇಳಿಸದೆಯೇ ಸರಿಹೋಗುತ್ತದೆ.