ಟೆಂಪೋ ಓಟ: ಬೇಗ ಓಡೋದಲ್ಲ, ಹದದಲ್ಲಿ ಓಡೋದು

ಅಮಾನಿಕೆರೆ ಸುತ್ತ ಬೆಳಿಗ್ಗೆ ಓಡುವವರಲ್ಲಿ ತುಂಬಾ ಜನ ಮೊದಲ ಎರಡು ಕಿಲೋಮೀಟರ್ ಜೋರಾಗಿ ಹೋಗಿ, ಆಮೇಲೆ ಕಾಲು ಭಾರವಾಗಿ ನಡೆಯುತ್ತಾರೆ. ಕಾರಣ ಇಷ್ಟೇ. ಸ್ನಾಯು ಸಕ್ಕರೆ ಉರಿಸುವಾಗ ಲ್ಯಾಕ್ಟೇಟ್ ಅನ್ನುವ ವಸ್ತು ಹುಟ್ಟುತ್ತದೆ, ನಿಧಾನಕ್ಕೆ ಓಡಿದರೂ ಹುಟ್ಟುತ್ತದೆ. ಅದು ವಿಷ ಅಲ್ಲ, ಹೃದಯ ಮತ್ತು ಬೇರೆ ಸ್ನಾಯುಗಳು ಅದನ್ನೇ ಇಂಧನವಾಗಿ ಬಳಸುತ್ತವೆ. ವೇಗ ಒಂದು ಮಿತಿ ದಾಟಿದಾಗ ಮಾತ್ರ ಬಳಕೆಗಿಂತ ಹುಟ್ಟುವುದೇ ಜಾಸ್ತಿಯಾಗಿ ರಕ್ತದಲ್ಲಿ ಸೇರುತ್ತಾ ಹೋಗುತ್ತದೆ. ಆ ಮಿತಿಯೇ ಲ್ಯಾಕ್ಟೇಟ್ ಥ್ರೆಶೋಲ್ಡ್. ಸುಮಾರಾಗಿ ಹೇಳಬೇಕಂದ್ರೆ, ರೇಸ್‌ನಲ್ಲಿ ಒಂದು ಗಂಟೆ ಹಿಡಿದಿಡಬಹುದಾದ ವೇಗ.

ನೀವು 10 ಕಿ.ಮೀ.ಯನ್ನು 60 ನಿಮಿಷದಲ್ಲಿ ಮುಗಿಸುತ್ತೀರಿ ಅಂದುಕೊಳ್ಳಿ. ನಿಮ್ಮ ಮಿತಿ ಕಿಲೋಮೀಟರಿಗೆ ಹತ್ತಿರ ಹತ್ತಿರ 6 ನಿಮಿಷ. ವಾರಕ್ಕೊಮ್ಮೆ 15 ನಿಮಿಷ ಹಗುರವಾಗಿ ಓಡಿ, ಆಮೇಲೆ 20 ನಿಮಿಷ ಅದೇ ವೇಗದಲ್ಲಿ, ಕೊನೆಗೆ 10 ನಿಮಿಷ ನಿಧಾನ. ನಡುವಿನ ಆ 20 ನಿಮಿಷವೇ ಟೆಂಪೋ ಓಟ. ಹೊಸಬರು 20ನ್ನು 10-10 ಆಗಿ ಒಡೆದು, ನಡುವೆ 2 ನಿಮಿಷ ಜಾಗಿಂಗ್ ಮಾಡಬಹುದು.

ಹೀಗೆ ಮಿತಿಯ ಅಂಚಿನಲ್ಲೇ ಓಡಿದಾಗ ಸ್ನಾಯುವಿನಲ್ಲಿ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯ ಹೆಚ್ಚುತ್ತವೆ, ಲ್ಯಾಕ್ಟೇಟನ್ನು ಸಾಗಿಸಿ ಬಳಸುವ ಶಕ್ತಿಯೂ ಹೆಚ್ಚುತ್ತದೆ, ಹಾಗಾಗಿ ಮೊದಲು ಏದುಸಿರು ಬರುತ್ತಿದ್ದ ವೇಗ ಈಗ ಹಿಡಿತಕ್ಕೆ ಸಿಗುತ್ತದೆ.

ಎಡವುವುದು ಎಲ್ಲಿ ಗೊತ್ತಾ? ಸುಮ್ನೆ ಪಕ್ಕದವರ ಹಿಂದೆ ಕಿಲೋಮೀಟರಿಗೆ 5:30 ನಿಮಿಷದ ವೇಗದಲ್ಲಿ ಓಡುವುದು. ಓಡುತ್ತಾ "ಇನ್ನೊಂದು ಸುತ್ತು ಇದೆ" ಅನ್ನಲು ಆಗಬೇಕು, ಹರಟೆ ಹೊಡೆಯಲು ಆಗಬಾರದು. ಕೊನೆಯ 5 ನಿಮಿಷ ವೇಗ ಬಿದ್ದರೆ ಶುರುವಿನ ವೇಗವೇ ಜಾಸ್ತಿಯಾಗಿತ್ತು ಅಂತ ಅರ್ಥ. ಬೇಸಿಗೆಯಲ್ಲಿ ಬಿಸಿಲೇರಿದ ಮೇಲೆ ಓಡಿದರೆ ಗಡಿಯಾರ ಬಿಟ್ಟು ಉಸಿರನ್ನೇ ನಂಬಿ.